ಕಂಡೇವು, ಕಂಡೇವಿ

ಮಾರ್ಚ್ 11, ಮಂಗಳವಾರ. ಸಂಜೆ

ಚರ್ಚ್ ಕ್ವಾಯರ್ ಪ್ರಾಕ್ಟೀಸ್. ಬಂದವರು ನಾಲ್ಕೇ ಜನ. ಟೆನರ್ ಹಾಡುವ ಜಡೆಪ್ಪ ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬಸ್ ಹಿಡಿದು ಹೊಸಪೇಟೆಗೆ ಬರುವಷ್ಟರಲ್ಲಿ ನಾನು ಕೀಬೋರ್ಡಿಗೆ ಬಟ್ಟೆ ಮುಚ್ಚುತ್ತಿದ್ದೆ. ಈಸ್ಟರ್ ಹಾಡು ಇನ್ನೂ ಎರಡನೇ ಸಾಲಿನಲ್ಲೇ ಕುಂಟುತ್ತಿದೆ. ಬೈಯೋಣ ಅಂತ ಬಾಯಿ ತೆರೆದೆ... ಅಷ್ಟರಲ್ಲಿ ನಮ್ಮ ಪಾಸ್ಟರ್ ಅಯ್ಯನವರ ಫೋನ್.

ಸಲೋಮಿ ಹೋದಳು. ಬಳ್ಳಾರಿ ಆಸ್ಪತ್ರೆಯಲ್ಲಿ. ಕಿಡ್ನಿ.

ನಮ್ಮ ಕ್ವಾಯರ್‌ನಲ್ಲಿ ಕೆಳದನಿಯ ಆಲ್ಟೋ ಹಾಡುವವಳು. ಸಂಡೂರಿನಲ್ಲಿ ಅದಿರು ಲಾರಿ ತೂಗುವ ವೇಬ್ರಿಜ್‌ನಲ್ಲಿ ಕೆಲಸ. ಬೇರೆಯವರು ಶ್ರುತಿ ತಪ್ಪಿದರೆ ತಿರುಗಿ ನೋಡುವವಳು. ಆ ಮುಖ ಈಗ ಎಲ್ಲಿಂದ ತರಲಿ.

ಅಣ್ಣ ಹುಲಿಗೇಶ್ ಕತಾರ್‌ನಿಂದ ಬರಬೇಕು. ಗುರುವಾರ ಮಣ್ಣು. ಹಾಡು ನೋಡಿಕೊಳ್ಳಿ ಟೀಚರ್, ಅಂದರು ಅಯ್ಯನವರು. ಅವರಿಗೇನು, ಹೇಳಿ ಫೋನ್ ಇಟ್ಟರು.

ಮಾರ್ಚ್ 12, ಬುಧವಾರ. ಬೆಳಿಗ್ಗೆ

ಸಲೋಮಿಯ ತಾಯಿ ಭರಮಮ್ಮನ ಮನೆಗೆ ಹೋಗಿದ್ದೆ. ಹಾಡಿನ ಪುಸ್ತಕ ಒಯ್ದಿದ್ದೇ ತಪ್ಪಾಯಿತು.

ಆಕೆ ಅಳುತ್ತಿರಲಿಲ್ಲ. ಸಿಟ್ಟಿನಲ್ಲಿ ಕೂತಿದ್ದಳು. ಪ್ರಾರ್ಥನೆಗೆ ಅಂತ ಬಂದ ಗುಂಪು ಪ್ರತಿ ವಾರ ಮಗಳ ಮಂಚದ ಸುತ್ತ ನಿಂತು ‘ಎದ್ದು ನಡೆಯುವಿ’ ಅಂತ ಚಪ್ಪಾಳೆ ತಟ್ಟಿ ಹಾಡಿತಂತೆ. ಕೊನೆಯ ವಾರ ಸಲೋಮಿಯೇ ಮುಖ ಗೋಡೆಗೆ ತಿರುಗಿಸಿದಳಂತೆ.

“ನಾಳೆ ಒಂದು ಸುಳ್ಳು ಹಾಡಿದ್ರೂ ನಾ ಎದ್ದು ಬರ್ತೀನಿ ಟೀಚರಮ್ಮ. ಮಣ್ಣೂ ಹಾಕಂಗಿಲ್ಲ. ಹಾಡೋದಾದ್ರ ಖರೇ ಹಾಡ್ರಿ, ಇಲ್ಲಂದ್ರ ಬ್ಯಾಡ.”

ಹೇಳಿದ್ದು ಮಾಡುವ ಹೆಂಗಸು. ಹೆತ್ತವಳೇ ಮಣ್ಣು ಹಾಕದೆ ಮಗಳ ಸಮಾಧಿ ಮುಚ್ಚುವುದೇ?

ಪುಸ್ತಕದ ಅಂತ್ಯಕ್ರಿಯೆ ಭಾಗ ಪೂರ್ತಿ ತಿರುವಿದೆ. ಒಂದು ಹಾಡು ‘ಅಳಬೇಡಿರಿ’ ಅನ್ನುತ್ತದೆ. ಯಾಕೆ ಅಳಬಾರದು? ಗೆಳೆಯನ ಸಮಾಧಿ ಮುಂದೆ ಯೇಸುವೇ ಅತ್ತ. ಇನ್ನೊಂದರಲ್ಲಿ ದೇವರು ತನ್ನ ತೋಟಕ್ಕೆ ಹೂ ಕಿತ್ತುಕೊಂಡ. ಕಿತ್ತುಕೊಂಡವನನ್ನು ಭರಮಮ್ಮ ಸುಮ್ಮನೆ ಬಿಡುತ್ತಾಳೆಯೇ! ಮತ್ತೊಂದು ಚೆನ್ನಾಗಿದೆ, ಆದರೆ ರಾಗ ಯಾರಿಗೂ ಗೊತ್ತಿಲ್ಲ. ಸಾವಿನ ಮನೆಯಲ್ಲಿ ಹೊಸ ರಾಗ ಕಲಿಸಲಾಗುವುದಿಲ್ಲ.

ನಾನೇ ಬರೆಯಬೇಕು. ಬೇರೆ ದಾರಿ ಇಲ್ಲ.

ಅದೇ ದಿನ, ಮಧ್ಯಾಹ್ನ

ಎಲ್ಲರಿಗೂ ಬರುವ ಸಂಜೆ ಪ್ರಾರ್ಥನೆಯ ರಾಗ ಹಿಡಿದೆ. ಒಂದು ಸಾಲಿಗೆ ಎಂಟು ಅಕ್ಷರ, ಮುಂದಿನದಕ್ಕೆ ಏಳು. ಕೊನೆಯ ಸಾಲಿನಲ್ಲಿ ಕೊನೆಯದಕ್ಕೆ ಮುಂಚಿನ ಅಕ್ಷರವನ್ನು ಎಳೆಯಬೇಕು. ಅಲ್ಲಿ ದೀರ್ಘವೇ ಬೀಳಬೇಕು. ಹ್ರಸ್ವ ಇಟ್ಟರೆ ಹಾಡುವವರು ಪದವನ್ನೇ ಕೊಲ್ಲುತ್ತಾರೆ.

ಮೊದಲು ಬರೆದದ್ದು — ಅಳುವ ಮನೆಗೆ ಬಂದೆ, ಜೊತೆಗೆ ನೀನೂ ಅತ್ತೆ. ಲೆಕ್ಕ ಸರಿ. ಹಾಡಿ ನೋಡಿದರೆ ಕರ್ಮ! ಯಾರದೋ ಅತ್ತೆ ಬಂದು ಕೂತ ಹಾಗೆ. ಮೇಲುದನಿಯ ಸೊಪ್ರಾನೋ ಹುಡುಗಿಯರು ಕಿಸಕ್ಕನೆ ನಕ್ಕರೆ ಮುಗಿಯಿತು. ಹೊಡೆದು ಹಾಕಿದೆ.

ನಾಲ್ಕನೇ ಸಾಲು ‘ಉತ್ತರ ಬರಲಿಲ್ಲ’ ಅಂತಿತ್ತು. ಎಳೆದರೆ ‘ಬರಲೀಲ್ಲ’. ಅದೂ ಹೋಯಿತು. ತಲೆ ಮೊಸರುಗಡಿಗೆ. ಈಗ ನಿಂತದ್ದು:

ಅಳುವ ಮನೆಗೆ ಬಂದೆ,
ನೀನೂ ಕಣ್ಣೀರನಿಟ್ಟೆ;
ಏಕೆ ಎಂದು ಕೇಳಿದೆವು,
ಉತ್ತರ ಸಿಕ್ಕದಾಯ್ತು.

ಕೊನೆಯ ಚರಣಕ್ಕೇ ಜಗಳ. ನನಗೆ ನಂಬಿಕೆ ಇಲ್ಲ ಅಂತಲ್ಲ. ಇದೆ. ಆದರೆ ನನ್ನ ನಂಬಿಕೆಯನ್ನು ಆ ತಾಯಿಯ ಬಾಯಿಗೆ ತುರುಕಲು ನಾನ್ಯಾರು? ‘ಕಾಣುವೆವು’ ಅಂದರೆ ಖಂಡಿತ ಅಂತ ಆಗುತ್ತದೆ. ಆಕೆಗೆ ಇಂದು ಖಂಡಿತ ಅನ್ನುವುದು ಒಂದೂ ಇಲ್ಲ. ಕನ್ನಡದಲ್ಲಿ ಅದಕ್ಕೂ ಒಂದು ರೂಪವಿದೆಯಲ್ಲ, ಮಳೆ ಬಂದೀತು, ಅವನು ಬಂದಾನು... ಹಾಗೆಯೇ ‘ಕಂಡೇವು’. ಕಾಣಬಹುದು ಅನ್ನುವ ಆಸೆ. ಮಾತು ಕೊಡುವುದಲ್ಲ, ಬರೀ ಆಸೆ. ‘ಡೇ’ ದೀರ್ಘ ಬೇರೆ. ಸರಿಯಾಗಿ ಕೂತಿತು.

ಅವಳ ನಿನ್ನ ಕೈಲಿಟ್ಟು
ಬೆಳಕಲ್ಲಿ ಕಂಡೇವು.

ಅದೇ ದಿನ, 7 ಗಂಟೆ

ಅಯ್ಯನವರು ಓದಿದರು. ಉತ್ತರ ಸಿಗದ ಸಾಲು ಇರಲಿ ಅಂದರು, ಆಶ್ಚರ್ಯ. ಆದರೆ ಕೊನೆಯ ಪದದ ಮೇಲೆ ಬೆರಳಿಟ್ಟರು.

“ನಮ್ಮ ನಿರೀಕ್ಷೆ ನಿಶ್ಚಯದ್ದು ಟೀಚರ್. ‘ಕಂಡೇವು’ ಅಂದ್ರ ಅನುಮಾನ ಆಗ್ತದ. ‘ಕಾಣುವೆವು’ ಮಾಡ್ರಿ.”

ಅಕ್ಷರ ಒಂದು ಹೆಚ್ಚಾಗುತ್ತದೆ ಅಂದೆ. ‘ಕಾಣ್ವೆವು’ ಮಾಡಿ ಅಂದರು. ಹಾಡಿ ತೋರಿಸಿ ಅಂದೆ. ಪಾಪ, ಪ್ರಯತ್ನಿಸಿದರು. ನಾಲಿಗೆ ಸಿಕ್ಕಿಕೊಂಡಿತು. ನಿಶ್ಚಯದ ಮಾತು ನಿಮ್ಮ ಉಪದೇಶದಲ್ಲಿ ಹೇಳಿ, ಹಾಡನ್ನು ಆ ತಾಯಿಗೆ ಬಿಡಿ ಅಂತ ಕೇಳಿಕೊಂಡೆ. ಒಪ್ಪಿದರು. ಪೂರ್ತಿ ಮನಸ್ಸಿನಿಂದಲ್ಲ.

ಪ್ರಾಕ್ಟೀಸ್‌ನಲ್ಲಿ ಹೊಸ ತಲೆನೋವು. ಎಲ್ಲರೂ ಹಾಡುವುದು ‘ಕಂಡೇವಿ’! ನಮ್ಮೂರ ಬಾಯಲ್ಲಿ ಬಂದೇವಿ, ಉಂಡೇವಿ, ಕಂಡೇವಿ — ಅಂದರೆ ಕಂಡಿದ್ದೇವೆ, ಎಲ್ಲ ಆಗಿ ಹೋದದ್ದು. ಮುಂದಿನ ಆಸೆ ಹಿಂದಿನ ಸುದ್ದಿಯಾಗಿಬಿಟ್ಟಿತು. ‘ವು’, ‘ವು’ ಅಂತ ಗಂಟಲು ಹರಿದುಕೊಂಡೆ. “ಎರಡೂ ಒಂದಾ ಅಲ್ರಿ ಟೀಚರ್” ಅಂದ ಜಡೆಪ್ಪ. ಒಂದೇ ಅಂತೆ! ಎಂಟನೇ ಕ್ಲಾಸಿನಲ್ಲಿ ಇವನಿಗೆ ವ್ಯಾಕರಣ ಕಲಿಸಿದವಳು ನಾನೇ. ಯಾರಿಗೆ ಹೇಳಲಿ.

ಮಾರ್ಚ್ 13, ಗುರುವಾರ

ಮುಗಿಯಿತು. ಆದದ್ದು ಆದ ಹಾಗೆ ಬರೆಯುತ್ತೇನೆ.

ಚರ್ಚ್‌ನಲ್ಲಿ ಕೀಬೋರ್ಡಿನ ಶ್ರುತಿ ಎರಡು ಮನೆ ಇಳಿಸಿದ್ದೆ. ಅಳುವ ಗಂಟಲು ಮೇಲಕ್ಕೆ ಏರುವುದಿಲ್ಲ. ನಿಧಾನಿಸಿದ್ದೂ ಅದಕ್ಕೇ, ನಡುವೆ ಉಸಿರು ಬೇಕು. ‘ಉತ್ತರ ಸಿಕ್ಕದಾಯ್ತು’ ಬಂದಾಗ ಭರಮಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಎದ್ದು ಹೋಗಲಿಲ್ಲ. ಕೊನೆಯ ಚರಣ ಅಲ್ಲಿ ಬೇಕೆಂದೇ ಹಾಡಿಸಲಿಲ್ಲ. ಅದು ಸಮಾಧಿಯ ಹತ್ತಿರಕ್ಕೆ.

ಅಲ್ಲಿ ಕೀಬೋರ್ಡ್ ಇಲ್ಲ. ಬರೀ ಗಂಟಲು. ಪೆಟ್ಟಿಗೆ ಇಳಿಸಿದರು. ಅಯ್ಯನವರು ತಲೆ ಆಡಿಸಿದರು, ನಾನು ಹಾಡು ಎತ್ತಿಕೊಟ್ಟೆ. ಕ್ವಾಯರ್ ಹಿಡಿಯಿತು, ಹಿಂದೆ ನಿಂತ ಜನವೂ ಹಿಡಿಯಿತು. ಮತ್ತೆ... ಅದೇ. ಎಲ್ಲರೂ ಒಟ್ಟಿಗೆ, ಎಳೆದು, ಸ್ಪಷ್ಟವಾಗಿ: ಬೆಳಕಲ್ಲಿ ಕಂಡೇವಿ.

ಮೈ ಉರಿದುಹೋಯಿತು. ಒಂದು ಅಕ್ಷರ ಉಳಿಸಿಕೊಳ್ಳಲಾಗಲಿಲ್ಲ ಇವರಿಗೆ! ಇನ್ನು ಈಕೆ ಎದ್ದು ಹೋಗುತ್ತಾಳೆ ಅಂತ ಭರಮಮ್ಮನ ಕಡೆ ನೋಡಲೂ ಹೆದರಿದೆ.

ಆಕೆ ಮುಂದೆ ಬಂದಳು. ಹುಲಿಗೇಶ್ ತೋಳು ಹಿಡಿಯಲು ಹೋದ, ಬ್ಯಾಡ ಅಂದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ, ಹಿಡಿದೇ ನಿಂತಳು.

“ಹೌದು. ಕಂಡೇವಿ. ಹಗಲ ಬೆಳಕಿನ್ಯಾಗ, ಕಣ್ ತುಂಬ ಕಂಡೇವಿ ನನ್ ಮಗಳ್ನ. ಇದು ಸುಳ್ಳಲ್ಲ.”

ಮಣ್ಣು ಹಾಕಿದಳು. ಆಮೇಲೆ ಅತ್ತಳು. ಅಲ್ಲಿಯವರೆಗೂ ಅತ್ತಿರಲಿಲ್ಲ, ಒಮ್ಮೆಗೇ ಬಂತು. ಅಯ್ಯನವರು ಪುಸ್ತಕ ಮುಚ್ಚಿ ಆಕೆ ಅತ್ತು ಮುಗಿಸುವವರೆಗೂ ಕಾದರು. ನಾನೂ ಅತ್ತೆ. ನಿಲ್ಲಿಸಲಾಗಲಿಲ್ಲ.

ಮಾರ್ಚ್ 22, ಶನಿವಾರ

ನಾಳೆ ಸಲೋಮಿಯ ಜ್ಞಾಪಕಾರ್ಥ ಪ್ರಾರ್ಥನೆ. ಹಾಡನ್ನು ಪ್ರಿಂಟ್ ಮಾಡಿಸಬೇಕಂತೆ. ಕೊನೆಯ ಪದ ಏನು ಹಾಕಲಿ ಅಂತ ಅಯ್ಯನವರನ್ನು ಕೇಳಿದೆ. ಹಾಡು ನಿಮ್ಮದು ಟೀಚರ್, ಅಂದರು. ಅವರ ಮಾತು ಬೇಕಾದಾಗಲೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಭರಮಮ್ಮ ಒಂದು ಪ್ರತಿ ಕೇಳಿದ್ದಾಳೆ, ಫೋಟೋದ ಪಕ್ಕ ಅಂಟಿಸಲು. ಅಕ್ಷರ ಕೂಡಿಸಿ ಓದುತ್ತಾಳೆ. ‘ವು’ ಹಾಕಿದರೆ ಅಂದು ಹಾಡಿದ್ದಲ್ಲ, ಹೊಸ ಮಾತು ಅಂತ ಆಕೆಗೆ ಗೊತ್ತಾಗುತ್ತದೆ. ‘ವಿ’ ಹಾಕಿದರೆ ನನ್ನ ಆಸೆ ಹೋಯಿತು. ನನಗೂ ಸಲೋಮಿಯನ್ನು ಇನ್ನೊಮ್ಮೆ ನೋಡಬೇಕಲ್ಲ. ಎಲ್ಲರೂ ಭರಮಮ್ಮನ ದುಃಖವನ್ನೇ ಕೇಳಿದರು, ಸರಿ. ಆದರೆ ಪ್ರತಿ ಮಂಗಳವಾರ ನನ್ನ ಎಡಗಡೆ ನಿಲ್ಲುತ್ತಿದ್ದವಳು ಸಲೋಮಿ.

ಪ್ರೆಸ್‌ನವನು ಎರಡು ಸಲ ಫೋನ್ ಮಾಡಿದ. ಜಲ್ದಿ ಕಳಿಸಿ ಅಂತಾನೆ. ಬರೆದುಬಿಡುತ್ತೇನೆ.

ಅವಳ ನಿನ್ನ ಕೈಲಿಟ್ಟು
ಬೆಳಕಲ್ಲಿ ಕಂಡೇ